ಮ್ಯಾನೇಜರ್ ಬದಲಿಸಿ ಅಂತ ಎಚ್‌ಆರ್‌ಗೆ ನಾನು ಬರೆದ ಪತ್ರ

ಮೊದಲು ಬರೆದದ್ದು ನಾಲ್ಕು ಪುಟ ಇತ್ತು. ರಾತ್ರಿ ಹನ್ನೊಂದಕ್ಕೆ ಕೂತು ಎರಡು ವರ್ಷದ ಸಿಟ್ಟನ್ನೆಲ್ಲ ಸುರಿದಿದ್ದೆ. ಪುಣ್ಯಕ್ಕೆ ಕಳಿಸಲಿಲ್ಲ. ಬೆಳಿಗ್ಗೆ ಓದಿದರೆ, "ಯಾವಾಗಲೂ ಅವಮಾನ ಮಾಡುತ್ತಾರೆ" ಅಂತ ಆರು ಸಲ ಇದೆ, ಯಾವ ದಿನ ಏನಾಯಿತು ಅಂತ ಒಂದು ಸಲವೂ ಇಲ್ಲ. ನನಗೆ ಏನು ಬೇಕು ಅಂತಲೂ ಇಲ್ಲ.

ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ನನ್ನ ಕೆಲಸ. ಜಗಳ ಒಂದೇ ಥರ ಶುರುವಾಗುತ್ತಿತ್ತು. "ಟೈಮಿಲ್ಲ, ಹಳೇದನ್ನ ಮತ್ತೆ ಟೆಸ್ಟ್ ಮಾಡೋದು ಬಿಡಿ" ಅಂತ ಮ್ಯಾನೇಜರ್ ಫೋನಿನಲ್ಲಿ ಹೇಳುತ್ತಿದ್ದರು. ರಿಲೀಸ್ ಆದಮೇಲೆ ಬಗ್ ಬಂದರೆ, ಇಡೀ ಟೀಮಿನ ಎದುರು "ಯಾಕ್ರೀ ಟೆಸ್ಟ್ ಮಾಡಲಿಲ್ಲ?" ಅಂತ ನನ್ನನ್ನೇ ಕೇಳುತ್ತಿದ್ದರು. ಬಾಯಿಮಾತಿಗೆ ಸಾಕ್ಷಿ ಎಲ್ಲಿಂದ ತರೋದು? ಅದಕ್ಕೇ ಪತ್ರ ಮತ್ತೆ ಬರೆಯುವ ಮೊದಲು ಎರಡು ತಿಂಗಳು, ಪ್ರತಿ ಕಾಲ್ ಮುಗಿದ ಕೂಡಲೇ ಎರಡು ಸಾಲಿನ ಮೇಲ್ ಹಾಕಿದೆ: "ಈಗ ಮಾತಾಡಿದ ಹಾಗೆ, ಈ ಸಲ ಪೇಮೆಂಟ್ ಭಾಗವನ್ನು ಮತ್ತೆ ಟೆಸ್ಟ್ ಮಾಡುತ್ತಿಲ್ಲ. ನಾನು ತಪ್ಪು ತಿಳಿದಿದ್ದರೆ ಹೇಳಿ."

ಎರಡನೇ ಪತ್ರ ಒಂದೇ ಪುಟ. ಬೇರೆ ಮ್ಯಾನೇಜರ್ ಕೆಳಗೆ ಹಾಕಿ ಅನ್ನೋದು ಮೊದಲ ಸಾಲಿನಲ್ಲೇ ಬಂತು. ಆಮೇಲೆ ಮೂರೇ ಘಟನೆ. ಒಂದೊಂದಕ್ಕೂ ತಾರೀಖು, ಅವರು ಹೇಳಿದ್ದು, ಅದರಿಂದ ಕೆಲಸಕ್ಕೆ ಆದದ್ದು. ಉದಾಹರಣೆಗೆ, ಬಿಟ್ಟ ಟೆಸ್ಟಿನಿಂದಲೇ ರಿಲೀಸ್ ಎರಡು ದಿನ ತಡವಾದದ್ದು. ನಾನೇ ಅವರ ಜೊತೆ ಎರಡು ಸಲ ಕೂತು ಮಾತಾಡಿದ್ದನ್ನೂ ಸೇರಿಸಿದೆ, ಯಾಕಂದರೆ ಎಚ್‌ಆರ್ ಮೊದಲು ಕೇಳೋದೇ ಅದು.

"ಕಿರುಕುಳ" ಅನ್ನೋ ಪದ ಬಳಸಲಿಲ್ಲ. ಆ ಪದ ಬಂದರೆ ಪತ್ರವನ್ನು ದೂರು ಅಂತ ತಗೊಂಡು ವಿಚಾರಣೆ ನಡೆಸಬಹುದು, ನನ್ನದು ಬರೀ ಮ್ಯಾನೇಜರ್ ಬದಲಿಸುವ ಕೋರಿಕೆ. ನಿಜವಾಗಿ ಲೈಂಗಿಕ ಕಿರುಕುಳವೇ ಆಗಿದ್ದರೆ ದಾರಿಯೇ ಬೇರೆ: 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿಗೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಬರೆದು ಕೊಡಬೇಕು.

ಅಪ್ರೈಸಲ್ ವಿಷಯ ಮರೆತೇಬಿಟ್ಟಿದ್ದೆ. ಗೆಳತಿ ನೆನಪಿಸಿದಳು. ವರ್ಷದ ನಡುವೆ ಮ್ಯಾನೇಜರ್ ಬದಲಾದರೆ ಹಿಂದಿನ ತಿಂಗಳುಗಳಿಗೆ ರೇಟಿಂಗ್ ಕೊಡುವವರು ಯಾರು? ಹಳೆಯವರೇ ಅಲ್ವಾ? ಅದಕ್ಕೆ, ಆ ತಿಂಗಳುಗಳ ಅಭಿಪ್ರಾಯವನ್ನು ಅವರ ಮೇಲಿನವರೂ ನೋಡಬೇಕು ಅಂತ ಕೊನೆಯಲ್ಲಿ ಕೇಳಿದೆ.

ಒಂದು ವಾರಕ್ಕೆ ಎಚ್‌ಆರ್ ಕರೆದರು. ಅರ್ಧ ಗಂಟೆ, ಒಂದೊಂದೇ ತಾರೀಖು ಹಿಡಿದು ಕೇಳಿದರು, ನಾನು ಆ ದಿನದ ಮೇಲ್ ತೆಗೆದು ತೋರಿಸಿದೆ. "ಈ ಪತ್ರ ನಿಮ್ಮ ಮ್ಯಾನೇಜರ್‌ಗೆ ತೋರಿಸಬಹುದಾ?" ಅಂದರು. ಈ ಪ್ರಶ್ನೆಗೆ ಮನೆಯಲ್ಲೇ ತಯಾರಾಗಿದ್ದೆ. ಮೊದಲು ಅವರ ಮೇಲಿನವರ ಜೊತೆ ಮಾತಾಡಿ, ಆಮೇಲೆ ತೋರಿಸಿ ಅಂದೆ. ಒಪ್ಪಿದರು.

ಐದು ವಾರ ಬೇಕಾಯಿತು. ಪೋರ್ಟಲ್‌ನಲ್ಲಿ ನನ್ನ ಹೆಸರಿನ ಮೇಲೆ ಬೇರೆ ಹೆಸರು ಬಂತು. ಪ್ರಾಜೆಕ್ಟ್ ಮಾತ್ರ ಅದೇ, ರಿಲೀಸ್ ಕಾಲ್‌ಗಳಲ್ಲಿ ಹಳೆಯ ಮ್ಯಾನೇಜರ್ ಈಗಲೂ ಇರುತ್ತಾರೆ. ಎರಡು ಸಾಲಿನ ಮೇಲ್ ನಾನು ಬಿಟ್ಟಿಲ್ಲ.