ಅಜ್ಜಿ ಹೋಗಿದ್ದು ಹಳ್ಳಿಗೋ, ಹಲ್ಲಿಗೋ? ಎರಡು ಭಾಷೆಯಲ್ಲೊಂದು ಮಲಗುವ ಹೊತ್ತಿನ ಕತೆ

ನಮ್ಮ ಮಗಳಿಗೆ ಆರು ವರ್ಷ. ಹುಟ್ಟಿ ಬೆಳೆಯುತ್ತಿರುವುದು ನ್ಯೂಜೆರ್ಸಿಯಲ್ಲಿ. ಅಜ್ಜಿ ತಮ್ಮ ಊರಿಗೆ ಹೋಗಿ ಬಂದ ಕತೆಯನ್ನು ಒಂದು ರಾತ್ರಿ ಅವಳಿಗೆ ಹೇಳಿದ್ದೆ. ಮರುದಿನ ವಿಡಿಯೊ ಕಾಲ್‌ನಲ್ಲಿ ಅದನ್ನು ಅಜ್ಜಿಗೇ ಒಪ್ಪಿಸಿದಳು: "ಅಜ್ಜಿ ಹಲ್ಲಿಗೆ ಹೋದರು." ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ಹಲ್ಲಿ ಹತ್ರ ನಾನ್ಯಾಕೆ ಹೋಗ್ಲಿ ಪುಟ್ಟಿ, ಅದೇ ನಮ್ಮನೆ ಗೋಡೆ ಮೇಲಿದೆಯಲ್ಲ!" ಎಂದರು. ನಮ್ಮ ಕತೆ ಹುಟ್ಟಿದ್ದು ಅಲ್ಲಿಂದ.

ಮೊದಲ ಕೆಲಸ, ಪದ ಆರಿಸುವುದು. ಇಂಗ್ಲಿಷಿನಲ್ಲಿ 'ಳ' ಇಲ್ಲ. ದಿನವಿಡೀ ಇಂಗ್ಲಿಷ್ ಕೇಳುವ ಮಗುವಿನ ಕಿವಿಗೆ ಹಳ್ಳಿ, ಹಲ್ಲಿ ಎರಡೂ ಒಂದೇ ಥರ ಕೇಳಿಸಬಹುದು. ಬಳೆ, ಬಲೆಯೂ ಹಾಗೆಯೇ. ಒಂದು ಕತೆಗೆ ಇವೆರಡು ಜೋಡಿ ಸಾಕು. ('ಹೇಳು' ಅನ್ನುವಾಗ ಳ ತಪ್ಪಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಆ ಜೋಡಿಯನ್ನು ಮಾತ್ರ ತರಬೇಡಿ. ಮಲಗುವ ಬದಲು ಮಗು ಅದನ್ನೇ ಹೇಳಿಕೊಂಡು ನಗುತ್ತಿರುತ್ತದೆ.)

ಎರಡನೆಯದು, ಯಾವ ಭಾಷೆಗೆ ಯಾವ ಕೆಲಸ ಅನ್ನುವುದು. ನಾನು ಮೊದಮೊದಲು ಪ್ರತಿ ಕನ್ನಡ ಸಾಲಿಗೂ ಇಂಗ್ಲಿಷ್ ಅರ್ಥ ಹೇಳುತ್ತಿದ್ದೆ. ಮಗಳು ಜಾಣೆ, ಕನ್ನಡ ಬಂದಾಗ ಸುಮ್ನೆ ಸೂರು ನೋಡುತ್ತಿದ್ದಳು. ಹೇಗೂ ಇಂಗ್ಲಿಷ್ ಬರುತ್ತೆ, ಅಲ್ವಾ? ಈಗ ಅರ್ಥ ಹೇಳುವುದನ್ನು ಬಿಟ್ಟಿದ್ದೇನೆ. ಕತೆಯನ್ನು ಮುಂದಕ್ಕೆ ಎಳೆಯುವುದು ಇಂಗ್ಲಿಷ್. ಏನಾದರೂ ಸದ್ದಾಗುವ, ಬೀಳುವ, ಸಿಗುವ ಜಾಗದಲ್ಲಿ ಕನ್ನಡ. ಅಲ್ಲಿ ಕೈ ಸನ್ನೆ, ಸದ್ದು ಎರಡೂ ಇರುವುದರಿಂದ ಅರ್ಥ ತಾನೇ ತಿಳಿಯುತ್ತದೆ. ಇಂಗ್ಲಿಷ್ ಸಾಲಿನಲ್ಲಿ ಅಜ್ಜಿ, ಹಲ್ಲಿ ಎಂಬ ಹೆಸರುಗಳು ಬಂದರೆ ಅಡ್ಡಿಯಿಲ್ಲ. ಆದರೆ ಸಾಲನ್ನು ಒಂದು ಭಾಷೆಯಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸಬೇಡಿ. 'ಹೋದರು' ಅನ್ನುವುದು ಕನ್ನಡದಲ್ಲಿ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ನಡುವೆ. ಬೆರೆಸಿದರೆ ಮಗುವಿಗೆ ಎರಡರ ಜೋಡಣೆಯೂ ಸಿಗುವುದಿಲ್ಲ.

ನಮ್ಮ ಕತೆ ಹೀಗಿದೆ. ಊರು ತಿಪಟೂರಿನ ಕಡೆಯದು.

ಒನ್ ಮಾರ್ನಿಂಗ್ ಅಜ್ಜಿ ಪ್ಯಾಕ್ಡ್ ಹರ್ ಬ್ಯಾಗ್ ಅಂಡ್ ಟುಕ್ ದಿ ರೆಡ್ ಬಸ್. ಅಜ್ಜಿ ಹಳ್ಳಿಗೆ ಹೋದರು.

ಶಿ ಪುಶ್ಡ್ ದಿ ಓಲ್ಡ್ ಡೋರ್. ಕಿರ್‍ರ್! ಗೋಡೆ ಮೇಲೆ ಹಲ್ಲಿ! ಲೊಚ್ ಲೊಚ್ ಲೊಚ್.

"ಹೂ ಆರ್ ಯು?" ಆಸ್ಕ್ಡ್ ದಿ ಹಲ್ಲಿ.

"ನಾನು ಈ ಹಳ್ಳಿಯ ಅಜ್ಜಿ. ನೀನು?"

"ನಾನು ಈ ಹಳ್ಳಿಯ ಹಲ್ಲಿ!"

ಇನ್ ದಿ ಈವ್ನಿಂಗ್ ಅಜ್ಜಿ ವೆಂಟ್ ಟು ದಿ ಲೇಕ್ ಟು ವಾಶ್ ಹರ್ ಫೀಟ್. ಡುಬುಕ್! ಬಳೆ ಬಿತ್ತು.

ಎ ಬಾಯ್ ಕೇಮ್ ರನ್ನಿಂಗ್ ವಿತ್ ಹಿಸ್ ಫಿಶಿಂಗ್ ನೆಟ್. ಬಲೆ ಬೀಸಿದ. ಬಲೆಯಲ್ಲಿ ಬಳೆ ಸಿಕ್ಕಿತು!

ದೆನ್ ಇಟ್ ವಾಸ್ ನೈಟ್. ಅಜ್ಜಿ ಮಲಗಿದರು. ಹಳ್ಳಿ ಮಲಗಿತು. ಹಲ್ಲಿ ಮಲಗಿತಾ? ಲೊಚ್ ಲೊಚ್.

ಬಳೆಯನ್ನು ಮೊದಲು ಬಾವಿಗೆ ಬೀಳಿಸಿದ್ದೆ. ಬಾವಿಗೆ ಬಿದ್ದದ್ದನ್ನು ತೆಗೆಯಲು ಪಾತಾಳಗರಡಿ ಬೇಕು. ಅದೇನೆಂದು ವಿವರಿಸುವಷ್ಟರಲ್ಲಿ ಮಗಳ ನಿದ್ದೆಯೇ ಹಾರಿಹೋಯಿತು. ಅದಕ್ಕೇ ಕೆರೆ ಬಂತು. ಅಜ್ಜಿಗೆ ನಾವು 'ಹೋದರು' ಅನ್ನುತ್ತೇವೆ. ನಿಮ್ಮ ಮನೆಯಲ್ಲಿ 'ಹೋದಳು' ರೂಢಿಯಿದ್ದರೆ ಹಾಗೇ ಇರಲಿ.

ಇನ್ನು ನಾಲಿಗೆಯ ಕೆಲಸ. ಇದನ್ನು ದೀಪ ಆರಿಸುವ ಮೊದಲೇ ಮುಗಿಸಿ. ಬಾಯಿ ಕಾಣಬೇಕು. 'ಲ'ಗೆ ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದೆ ತಾಗುತ್ತದೆ. 'ಳ'ಗೆ ತುದಿ ಹಿಂದಕ್ಕೆ ಮಡಚಿ ಅಂಗುಳಿನ ಮೇಲ್ಭಾಗವನ್ನು ಮುಟ್ಟುತ್ತದೆ. ಎರಡು ಮೂರು ಸಲ ಸಾಕು. ದೀಪ ಆರಿದ ಮೇಲೆ ಕೈಯಾಟ: ಹಳ್ಳಿ ಅಂದರೆ ಎರಡು ಅಂಗೈ ಸೇರಿಸಿ ಮನೆಯ ಸೂರು, ಹಲ್ಲಿ ಅಂದರೆ ತೋಳಿನ ಮೇಲೆ ಹರಿದಾಡುವ ಬೆರಳು. ನೀವು ಪದ ಹೇಳಿ, ಕೈ ಮಗುವಿನದು. ಕೈ ಸರಿಯಾಗಿದ್ದು ಬಾಯಿ ತಪ್ಪಿದರೆ ಚಿಂತೆಯಿಲ್ಲ, ಕಿವಿಗೆ ವ್ಯತ್ಯಾಸ ಸಿಕ್ಕಿದೆ ಎಂದರ್ಥ. ಕೈಯೂ ತಪ್ಪುತ್ತಿದ್ದರೆ ಇನ್ನೂ ನಿಧಾನವಾಗಿ, 'ಳ್ಳ'ವನ್ನು ಎಳೆದು ಹೇಳಿ. ಕತೆಯ ನಡುವೆ ನಿಲ್ಲಿಸಿ ತಿದ್ದಬೇಡಿ. ಮುಂದಿನ ಸಾಲಿನಲ್ಲಿ ನೀವು ಸರಿಯಾಗಿ ಹೇಳಿದರಾಯಿತು.

ಒಂದು ವಾರ ಇದೇ ಕತೆ. ಮೂರನೇ ರಾತ್ರಿಯಿಂದ ದಿನಕ್ಕೊಂದು ಇಂಗ್ಲಿಷ್ ಸಾಲನ್ನು ಕನ್ನಡಕ್ಕೆ ತಿರುಗಿಸಿ. ನಾನು 'ಒಂದು ದಿನ ಬೆಳಿಗ್ಗೆ' ಎಂದು ಶುರುಮಾಡಿದಾಗ ಅವಳಿಗೆ ಗೊತ್ತೇ ಆಗಲಿಲ್ಲ. ಆದರೆ ಹುಡುಗ ಬಲೆ ತರುವ ಸಾಲನ್ನು ಪೂರಾ ಕನ್ನಡ ಮಾಡಿದ ರಾತ್ರಿ ಕತೆ ಕೈತಪ್ಪಿತು. "ಅಮ್ಮಾ, ಬಳೆ ಯಾಕೆ ಬಳೆನ ಹಿಡೀತು?" ಎಂದು ಎದ್ದು ಕುಳಿತಳು. ಆ ಸಾಲನ್ನು ಎರಡು ರಾತ್ರಿ ವಾಪಸ್ ಇಂಗ್ಲಿಷಿಗೆ ತಂದು, ಮೂರನೇ ರಾತ್ರಿ ಮತ್ತೆ ಕನ್ನಡದಲ್ಲಿ ಹೇಳಿದೆ.

ಈಗ ಕೊನೆಯ ಲೊಚ್ ಲೊಚ್ ಅವಳ ಪಾಲು. ಕೆಲವು ರಾತ್ರಿ ಒಂದೇ ಲೊಚ್ ಕೇಳಿಸುತ್ತದೆ. ಅಷ್ಟರಲ್ಲಿ ನಿದ್ದೆ.