ಬಡಾವಣೆಗೆ ಬಂದ ಡಾಕ್ಟರನ್ನು ಎರಡು ನಿಮಿಷದಲ್ಲಿ ಪರಿಚಯಿಸುವುದು ಹೇಗೆ?

ದಾವಣಗೆರೆಯಲ್ಲಿ ಡಾಕ್ಟರಿಗೆ ಬರವಿಲ್ಲ. 1965ರಲ್ಲಿ ಶುರುವಾದ ಜೆಜೆಎಂ ಮೆಡಿಕಲ್ ಕಾಲೇಜು ಇದೆ, ಎಸ್‌ಎಸ್ ಮೆಡಿಕಲ್ ಕಾಲೇಜು ಇದೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಬಡಾವಣೆಯ ಸಂಘದವರು ಹೋಗಿ ಕೇಳಿದರೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಬಿಡುವು ಮಾಡಿಕೊಂಡು ಬರುವವರು ಸಿಗುತ್ತಾರೆ. ಆದರೆ ಆ ಒಂದು ಗಂಟೆಯಲ್ಲಿ ಕಾಲು ಗಂಟೆ ಸ್ವಾಗತ, ಹಾರ, ಪರಿಚಯದಲ್ಲೇ ಮುಗಿದುಹೋಗುತ್ತದೆ. ಡಾಕ್ಟರು ಮೈಕ್ ಹಿಡಿಯುವಷ್ಟರಲ್ಲಿ ಹಿಂದಿನ ಸಾಲಿನವರು ಮನೆ ಕಡೆ ಮುಖ ಮಾಡಿರುತ್ತಾರೆ.

ಪರಿಚಯ ಭಾಷಣಕ್ಕೆ ಇರುವುದು ಒಂದೇ ಕೆಲಸ. ಈ ವಿಷಯವನ್ನು ಇವರ ಬಾಯಿಂದಲೇ ಯಾಕೆ ಕೇಳಬೇಕು ಎಂದು ಕೂತವರಿಗೆ ಗೊತ್ತಾಗಬೇಕು. ಅದಕ್ಕೆ ಎರಡು ನಿಮಿಷ ಸಾಕು. ಮೈಕ್‌ನಲ್ಲಿ ನಿಧಾನವಾಗಿ ಓದಿದರೆ ನಿಮಿಷಕ್ಕೆ ಹೆಚ್ಚೆಂದರೆ ನೂರು ಪದ ಆಗುತ್ತದೆ. ಅಂದರೆ ನೀವು ಬರೆಯಬೇಕಾದ್ದು ಇನ್ನೂರು ಪದದ ಒಳಗೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ವಿಷಯ ಬಿಪಿ. ಬರುವವರು ಒಬ್ಬ ಮಹಿಳಾ ಫಿಸಿಷಿಯನ್. ಜಾಗ ಬಡಾವಣೆಯ ಪಾರ್ಕಿನ ಪಕ್ಕದ ಸಮುದಾಯ ಭವನ. ಸೇರುವವರಲ್ಲಿ ಜಾಸ್ತಿ ಜನ ಐವತ್ತು ದಾಟಿದವರು.

ಮೊದಲು ಒಂದು ಫೋನ್

ಕಾರ್ಯಕ್ರಮಕ್ಕೆ ನಾಲ್ಕೈದು ದಿನ ಇರುವಾಗಲೇ ಡಾಕ್ಟರಿಗೆ ಫೋನ್ ಮಾಡಿ. ಒಪಿಡಿ ಹೊತ್ತಿನಲ್ಲಿ ಬೇಡ. "ಮೇಡಂ, ನಮಸ್ಕಾರ ರೀ. ಭಾನುವಾರದ ಕಾರ್ಯಕ್ರಮದಲ್ಲಿ ನಿಮ್ಮ ಪರಿಚಯ ನಾನು ಮಾಡ್ತೀನಿ. ಒಂದೈದು ನಿಮಿಷ ಮಾತಾಡಬಹುದಾ?" ಎಂದು ಕೇಳಿದರೆ ಸಾಕು. ಇಂಟರ್ನೆಟ್‌ನಲ್ಲಿ ಸಿಕ್ಕಿದ್ದನ್ನು ಬರೆದುಕೊಂಡು ಹೋಗುವುದು ಸುಲಭ. ಆದರೆ ಅಲ್ಲಿ ಹಳೇ ಆಸ್ಪತ್ರೆಯ ಹೆಸರು, ಹಳೇ ಹುದ್ದೆ ಹಾಗೇ ಉಳಿದಿರುತ್ತದೆ.

ಫೋನ್‌ನಲ್ಲಿ ಮೊದಲು ಕೇಳಬೇಕಾದ್ದು ಹೆಸರು. ಇನಿಶಿಯಲ್ ಮುಂದೆ ಬರುತ್ತದಾ, ಹಿಂದೆಯಾ, ಮನೆತನದ ಹೆಸರು ಸೇರಿಸಬೇಕಾ ಎಂದು ಅವರ ಬಾಯಿಂದಲೇ ಹೇಳಿಸಿ, ಕನ್ನಡದಲ್ಲಿ ಬರೆದುಕೊಳ್ಳಿ.

ಆಮೇಲೆ ಡಿಗ್ರಿ. ಎಡವಟ್ಟು ಜಾಸ್ತಿ ಆಗುವುದು ಇಲ್ಲೇ. ಎಂಬಿಬಿಎಸ್ ಆದ ಮೇಲೆ ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವರು ಫಿಸಿಷಿಯನ್. ಬಿಪಿ, ಶುಗರ್, ಜ್ವರ ಎಲ್ಲ ಅವರು ನೋಡುತ್ತಾರೆ. ಅದಾದ ಮೇಲೆ ಕಾರ್ಡಿಯಾಲಜಿಯಲ್ಲಿ ಡಿಎಂ ಓದಿದವರು ಹೃದ್ರೋಗ ತಜ್ಞರು. ಎಂಎಸ್ ಅಂದರೆ ಶಸ್ತ್ರಚಿಕಿತ್ಸೆ ಮಾಡುವ ವಿಭಾಗಗಳ ಓದು. ಎಂಡಿ ಎಂಬ ಎರಡಕ್ಷರ ಮಕ್ಕಳ ಡಾಕ್ಟರಿಗೂ ಇರುತ್ತದೆ, ಚರ್ಮದ ಡಾಕ್ಟರಿಗೂ ಇರುತ್ತದೆ, ಆಯುರ್ವೇದ ವೈದ್ಯರಿಗೂ ಇರುತ್ತದೆ. ಅದಕ್ಕೇ "ಎಂಡಿ ಯಾವುದರಲ್ಲಿ ಮೇಡಂ?" ಎಂದು ಕೇಳಲೇಬೇಕು. ಇದರಲ್ಲಿ ಸಂಕೋಚ ಪಡುವುದೇನೂ ಇಲ್ಲ.

ಒಂದು ಸಭೆಯಲ್ಲಿ ನಿರೂಪಕರು ಅಭಿಮಾನದಿಂದ ಫಿಸಿಷಿಯನ್ ಒಬ್ಬರನ್ನು "ಹೆಸರಾಂತ ಹೃದಯ ತಜ್ಞರು" ಎಂದುಬಿಟ್ಟರು. ಪಾಪ, ಡಾಕ್ಟರು ಮಾತು ಶುರು ಮಾಡಿದ್ದೇ "ನಾನು ಹೃದಯ ತಜ್ಞ ಅಲ್ಲ" ಅಂತ. ಆದರೂ ಮಾತು ಮುಗಿದ ಮೇಲೆ ಇಬ್ಬರು ಇಸಿಜಿ, ಎಕೋ ರಿಪೋರ್ಟ್ ಹಿಡಿದು ಅವರ ಮುಂದೆ ನಿಂತಿದ್ದರು. ತಪ್ಪು ಡಿಗ್ರಿ ಹೇಳಿದರೆ ಹೀಗೆ ಜನ ತಪ್ಪು ಬಾಗಿಲು ತಟ್ಟುತ್ತಾರೆ.

ಹುದ್ದೆಯನ್ನೂ ಸರಿಯಾಗಿ ಕೇಳಿಕೊಳ್ಳಿ. ಪ್ರೊಫೆಸರ್, ಅಸೋಸಿಯೇಟ್ ಪ್ರೊಫೆಸರ್, ಅಸಿಸ್ಟೆಂಟ್ ಪ್ರೊಫೆಸರ್ ಮೂರೂ ಬೇರೆ ಬೇರೆ. ಕೊನೆಗೆ ಎರಡು ಪ್ರಶ್ನೆ: "ನಿಮ್ಮ ಬಗ್ಗೆ ಏನು ಹೇಳಿದರೆ ನಿಮಗೆ ಖುಷಿ? ಏನು ಹೇಳೋದು ಬೇಡ?" ಎರಡನೆಯದಕ್ಕೆ ಬರುವ ಉತ್ತರವನ್ನು ಕಡ್ಡಾಯವಾಗಿ ಪಾಲಿಸಿ.

ಬಯೋಡೇಟಾದಲ್ಲಿ ಉಳಿಸುವುದೆಷ್ಟು?

ನಮ್ಮ ಉದಾಹರಣೆಯ ಡಾಕ್ಟರು ವಾಟ್ಸಾಪ್‌ನಲ್ಲಿ ಎರಡು ಪುಟ ಕಳಿಸಿದ್ದಾರೆ ಅಂದುಕೊಳ್ಳಿ. ಹುಟ್ಟೂರು, ಹೈಸ್ಕೂಲು, ಎಂಬಿಬಿಎಸ್, ಎಂಡಿ, ಚಿನ್ನದ ಪದಕ, ಹದಿನಾಲ್ಕು ಸಮ್ಮೇಳನ, ಲೇಖನಗಳ ಪಟ್ಟಿ, ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ, ಈಗ ಮೆಡಿಕಲ್ ಕಾಲೇಜಿನಲ್ಲಿ ಪಾಠ, ತಿಂಗಳಿಗೊಮ್ಮೆ ಜಗಳೂರು ಕಡೆ ಹಳ್ಳಿಗಳಲ್ಲಿ ತಪಾಸಣಾ ಶಿಬಿರ.

ಒಂದೊಂದು ಸಾಲಿನ ಮುಂದೆಯೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಬಿಪಿ ಮಾತ್ರೆ ಬಗ್ಗೆ ಅನುಮಾನ ಇರುವ ಮೂರನೇ ಕ್ರಾಸಿನ ಅಜ್ಜನಿಗೆ ಇದರಿಂದ ಏನಾದರೂ ಪ್ರಯೋಜನ ಇದೆಯಾ? ಸಮ್ಮೇಳನದಿಂದ ಇಲ್ಲ. ಲೇಖನಗಳ ಪಟ್ಟಿಯಿಂದ ಇಲ್ಲ. ಪದಕ ದೊಡ್ಡದೇ, ಆದರೆ ಅದನ್ನು ಸನ್ಮಾನದ ಹೊತ್ತಿಗೆ ಹೇಳಬಹುದು. ಎಂಡಿ ಯಾವುದರಲ್ಲಿ ಎನ್ನುವುದು ಬೇಕು. ಎಷ್ಟು ವರ್ಷದಿಂದ ಬಿಪಿ ರೋಗಿಗಳನ್ನು ನೋಡುತ್ತಿದ್ದಾರೆ ಎನ್ನುವುದು ಬೇಕು. ಜಗಳೂರು ಶಿಬಿರವಂತೂ ಬೇಕೇಬೇಕು. ನಮ್ಮ ಕಡೆಯ ಊಟ, ನಮ್ಮ ಕಡೆಯ ಜನ ಇವರಿಗೆ ಗೊತ್ತು ಎನ್ನುವುದಕ್ಕೆ ಅದೊಂದೇ ಮಾತು ಸಾಕ್ಷಿ. ಅಲ್ಲಿಗೆ ಉಳಿದಿದ್ದು ಮೂರು ಸಂಗತಿ. ನಾಲ್ಕನೆಯದನ್ನು ಸೇರಿಸುವ ಆಸೆ ಬಂದರೆ ಬಿಟ್ಟುಬಿಡಿ.

ಬಡಾವಣೆಯದೇ ಒಂದು ಪ್ರಶ್ನೆ

ಪರಿಚಯ ಶುರುವಾಗಬೇಕಾದ್ದು ಡಾಕ್ಟರಿಂದಲ್ಲ, ಕೂತವರಿಂದ. ಬಿಪಿ ಮಾತಿಗೆ ಇದು ಇನ್ನೂ ಮುಖ್ಯ. ಬಿಪಿ ಜಾಸ್ತಿ ಇದ್ದರೂ ಬಹಳ ಜನಕ್ಕೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ಹಾಗಾಗಿ "ನನಗೇನಾಗಿದೆ?" ಎಂದುಕೊಂಡೇ ಅರ್ಧ ಸಭೆ ಕೂತಿರುತ್ತದೆ.

ಎರಡು ದಿನ ಮೊದಲೇ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ, ಬೆಳಗಿನ ವಾಕಿಂಗ್‌ನಲ್ಲಿ ವಿಚಾರಿಸಿ. ಪ್ರಶ್ನೆಗಳು ತಾವಾಗಿ ಬರುತ್ತವೆ. "ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಾ?" "ಬಿಪಿ ನಾರ್ಮಲ್ ಬಂತು, ಮಾತ್ರೆ ನಿಲ್ಲಿಸಬಹುದಾ?" "ಮಂಡಕ್ಕಿ ಮೆಣಸಿನಕಾಯಿ ಬಿಡ್ಬೇಕೇನ್ರಿ?" ಇವುಗಳಲ್ಲಿ ಎರಡನ್ನು ಆರಿಸಿ, ಡಾಕ್ಟರಿಗೂ ಮೊದಲೇ ಕಳಿಸಿ. ಕೇಳಿದವರ ಹೆಸರು ಮಾತ್ರ ಸಭೆಯಲ್ಲಿ ಹೇಳಬೇಡಿ. ಯಾರಿಗೆ ಬಿಪಿ ಇದೆ ಎನ್ನುವುದು ಅವರ ಮನೆ ವಿಷಯ.

ಪ್ರಶ್ನೆ ಎತ್ತಿದವರು ನೀವಾದರೂ ಉತ್ತರ ನಿಮ್ಮದಲ್ಲ. "ಉಪ್ಪು ಕಮ್ಮಿ ಮಾಡಿದ್ರೆ ಸಾಕಂತೆ" ಎಂದು ಪರಿಚಯದಲ್ಲೇ ಹೇಳಿಬಿಟ್ಟರೆ, ಅದನ್ನು ಸರಿಪಡಿಸುವುದೇ ಡಾಕ್ಟರ ಮೊದಲ ಕೆಲಸವಾಗುತ್ತದೆ.

ಈ ಮಾತುಗಳು ಬೇಡ

"ಇವರ ಕೈಗುಣ ತುಂಬಾ ಚೆನ್ನಾಗಿದೆ", "ನಮ್ಮ ಮಾವನವರಿಗೆ ಆಗಿದ್ದು ಇವರಿಂದಲೇ ವಾಸಿಯಾಯ್ತು", "ಸಂಜೆ ಆರರ ಮೇಲೆ ಕ್ಲಿನಿಕ್‌ನಲ್ಲಿ ಸಿಗುತ್ತಾರೆ". ಮನಸ್ಸಿನಿಂದಲೇ ಬರುವ ಮಾತುಗಳು ಇವು. ಆದರೆ ಡಾಕ್ಟರಿಗೆ ಇವು ಕಷ್ಟ ತರುತ್ತವೆ. ಭಾರತೀಯ ವೈದ್ಯಕೀಯ ಮಂಡಳಿ 2002ರಲ್ಲಿ ಮಾಡಿದ ವೃತ್ತಿ ನಿಯಮಗಳ ಪ್ರಕಾರ, ರೋಗಿಗಳನ್ನು ಸೆಳೆಯಲು ವೈದ್ಯರು ನೇರವಾಗಲಿ, ಬೇರೆಯವರ ಮೂಲಕವಾಗಲಿ ಪ್ರಚಾರ ಮಾಡಿಕೊಳ್ಳುವಂತಿಲ್ಲ. ಜಾಗೃತಿ ಮಾತಿಗೆ ಬಂದವರ ಎದುರು ಅವರದೇ ಕ್ಲಿನಿಕ್‌ನ ಟೈಮಿಂಗ್ ಸಾರಿದರೆ ಅವರಿಗೆ ಇರಿಸುಮುರಿಸು ಆಗುತ್ತದೆ. ವಿಳಾಸ ಬೇಕಾದವರು ಆಮೇಲೆ ಕೇಳಿಕೊಳ್ಳುತ್ತಾರೆ ಬಿಡಿ.

ವಾಸಿಯಾದ ರೋಗಿಯ ಕಥೆಯೂ ಬೇಡ. ಮಾವನವರ ಕಾಯಿಲೆಯನ್ನು ಊರಿಗೆಲ್ಲ ಹೇಳಲು ಅವರ ಒಪ್ಪಿಗೆ ಇದೆಯಾ? ಅದೂ ಅಲ್ಲದೆ, ಹೋದರೆ ವಾಸಿಯಾಗೇ ಆಗುತ್ತದೆ ಎಂಬ ಭರವಸೆ ಅದರಲ್ಲಿ ಅಡಗಿರುತ್ತದೆ. ಯಾವ ಒಳ್ಳೆಯ ಡಾಕ್ಟರೂ ಆ ಭರವಸೆ ಕೊಡುವುದಿಲ್ಲ.

ಬರೆದ ಮೇಲೆ ಹೀಗೆ ಕಾಣಬೇಕು

ಬರೆಯುವ ಕ್ರಮ ಹೀಗೆ: ಮೊದಲು ಪ್ರಶ್ನೆ, ಆಮೇಲೆ ಮೂರು ಸಂಗತಿ, ಆಮೇಲೆ ಸಭೆಗೆ ಒಂದೆರಡು ಸೂಚನೆ, ಕಟ್ಟಕಡೆಗೆ ಹೆಸರು. ಹೆಸರು ಕೊನೆಗೆ ಬಂದರೆ ಚಪ್ಪಾಳೆ ಸರಿಯಾದ ಜಾಗದಲ್ಲಿ ಬೀಳುತ್ತದೆ.

"ಎಲ್ಲರಿಗೂ ನಮಸ್ಕಾರ. ಈ ವಾರ ಪಾರ್ಕಿನಲ್ಲಿ ವಾಕಿಂಗ್ ಮಾಡುವಾಗ ನಮ್ಮವರು ಕೇಳಿದ ಎರಡು ಪ್ರಶ್ನೆ ಹೇಳ್ತೀನಿ. ಒಂದು, ಬಿಪಿ ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ತಗೋಬೇಕಾ? ಇನ್ನೊಂದು, ಮಂಡಕ್ಕಿ ಮೆಣಸಿನಕಾಯಿ ಪೂರ್ತಿ ಬಿಡಬೇಕಾ? ನಿಮ್ಮಲ್ಲೂ ಎಷ್ಟೋ ಜನಕ್ಕೆ ಇದೇ ಅನುಮಾನ ಇದೆ, ಅಲ್ವಾ?

ಉತ್ತರ ಹೇಳೋಕೆ ಇವತ್ತು ನಮ್ಮ ಜೊತೆ ಒಬ್ಬ ಫಿಸಿಷಿಯನ್ ಇದ್ದಾರೆ. ಜನರಲ್ ಮೆಡಿಸಿನ್‌ನಲ್ಲಿ ಎಂಡಿ ಮಾಡಿದವರು. ಹದಿನೆಂಟು ವರ್ಷದಿಂದ ಬಿಪಿ, ಶುಗರ್ ಇರುವವರಿಗೆ ಚಿಕಿತ್ಸೆ ಕೊಡ್ತಿದ್ದಾರೆ. ತಿಂಗಳಿಗೊಂದು ಭಾನುವಾರ ಜಗಳೂರು ತಾಲ್ಲೂಕಿನ ಹಳ್ಳಿಗಳಿಗೆ ಹೋಗಿ ಶಿಬಿರ ಮಾಡ್ತಾರೆ. ನಮ್ಮ ಕಡೆಯವರ ಊಟ ಏನು, ಕೆಲಸ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಮೇಡಂ ನಲವತ್ತು ನಿಮಿಷ ಮಾತಾಡ್ತಾರೆ. ಆಮೇಲೆ ಇಪ್ಪತ್ತು ನಿಮಿಷ ನಿಮ್ಮ ಪ್ರಶ್ನೆಗಳಿಗೆ. ಎಲ್ಲರಿಗೂ ಉಪಯೋಗ ಆಗುವ ಪ್ರಶ್ನೆ ಕೇಳಿ. ಸ್ವಂತ ರಿಪೋರ್ಟ್ ಇಲ್ಲಿ ತೋರಿಸೋದು ಬೇಡ. ಮಾತು ಮುಗಿದ ಮೇಲೆ ಹಿಂದಿನ ಟೇಬಲ್‌ನಲ್ಲಿ ಬಿಪಿ ನೋಡ್ತಾರೆ, ಕಾಫಿ ಆಮೇಲೆ.

ಡಾಕ್ಟರ್ …… ಅವರನ್ನು ಪ್ರೀತಿಯಿಂದ ಮಾತಿಗೆ ಕರೆಯುತ್ತಿದ್ದೇನೆ."

ಖಾಲಿ ಜಾಗದಲ್ಲಿ ಪೂರ್ತಿ ಹೆಸರು ಬರುತ್ತದೆ. ಹದಿನೆಂಟು, ನಲವತ್ತು ಎಲ್ಲ ಉದಾಹರಣೆಗೆ. ನಿಮ್ಮ ಡಾಕ್ಟರು ಹೇಳಿದ್ದನ್ನೇ ಹಾಕಿ.

ಕಾಫಿಯ ಮಾತು ಸುಮ್ನೆ ಸೇರಿಸಿದ್ದಲ್ಲ. ಕಾಫಿ ಕುಡಿದ ಅರ್ಧ ಗಂಟೆಯೊಳಗೆ ಬಿಪಿ ನೋಡಿದರೆ ಅಂಕಿ ಏರಿರಬಹುದು. ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂತಿರಲೂಬೇಕು. ಹಾಗಾಗಿ ಕಾಫಿಯನ್ನು ತಪಾಸಣೆ ಆದ ಮೇಲೆ ಕೊಡಿ, ತಪಾಸಣೆಯನ್ನು ಮಾತಾದ ಮೇಲೆ ಇಡಿ. ಟೇಬಲ್ ಹತ್ತಿರ ನಾಲ್ಕು ಕುರ್ಚಿ ಹಾಕಿಸಿ, ಸರದಿಯಲ್ಲಿರುವವರು ಕೂತು ಕಾಯಲಿ.

ಪರಿಚಯದ ಜಾಗ ಯಾವುದು?

ಪ್ರಾರ್ಥನೆ, ಸ್ವಾಗತ, ಅತಿಥಿ ಪರಿಚಯ, ದೀಪ ಬೆಳಗುವುದು, ಹಾರ-ಶಾಲು, ಅಧ್ಯಕ್ಷರ ಎರಡು ಮಾತು, ಕೊನೆಗೆ ಡಾಕ್ಟರು. ನಮ್ಮಲ್ಲಿ ವಾಡಿಕೆ ಇದು. ಹೀಗೆ ಮಾಡಿದರೆ ನೀವು ಎತ್ತಿದ ಪ್ರಶ್ನೆ ಅಧ್ಯಕ್ಷರ ಮಾತು ಮುಗಿಯುವ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ. ಪರಿಚಯ ಮುಗಿದ ಮರುಕ್ಷಣವೇ ಡಾಕ್ಟರ ಮಾತು ಶುರುವಾಗಬೇಕು. ದೀಪ ಮೊದಲೇ ಆಗಲಿ. ಹಾರ, ಶಾಲು, ಹಣ್ಣಿನ ಬುಟ್ಟಿ ಪ್ರಶ್ನೋತ್ತರ ಮುಗಿದ ಮೇಲೆ. ಸ್ವಾಗತ ಮಾಡುವವರಿಗೂ ಒಂದು ಮಾತು ಹೇಳಿಡಿ: ಅವರು ಡಾಕ್ಟರ ಹೆಸರು ಹೇಳಿ ಸ್ವಾಗತಿಸಿದರೆ ಸಾಕು, ಓದು-ಹುದ್ದೆ ನಿಮಗೆ ಬಿಡಲಿ.

ಬರೆದಿದ್ದನ್ನು ಪೋಸ್ಟ್‌ಕಾರ್ಡ್ ಅಳತೆಯ ಗಟ್ಟಿ ಕಾಗದದ ಎರಡೂ ಬದಿಗೆ ದೊಡ್ಡ ಅಕ್ಷರದಲ್ಲಿ ಇಳಿಸಿ. ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಜೋರಾಗಿ ಓದಿ. ಹೆಸರು ಹೇಳಿದ ಮೇಲೆ ಡಾಕ್ಟರು ಬಂದು ನಿಲ್ಲುವವರೆಗೂ ಮೈಕ್ ಬಿಟ್ಟು ಹೋಗಬೇಡಿ. ಎತ್ತರ ಸರಿಮಾಡಿಕೊಟ್ಟು ಇಳಿಯಿರಿ.

ಇನ್ನೊಂದು ಸಾಧ್ಯತೆಗೂ ತಯಾರಾಗಿರಿ. ತುರ್ತು ಕೇಸ್ ಬಂದು ಅವರ ಬದಲು ಸಹೋದ್ಯೋಗಿ ಬರಬಹುದು. ಆಗ ಬರೆದುಕೊಂಡ ಮೂರು ಸಂಗತಿಯನ್ನು ಹೊಡೆದುಹಾಕಿ. ಕಾರಿನಿಂದ ಇಳಿದ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೆಸರು, ಎಂಡಿ ಯಾವುದರಲ್ಲಿ, ಈಗ ಎಲ್ಲಿ ಕೆಲಸ ಎಂದಷ್ಟೇ ಕೇಳಿ ಬರೆದುಕೊಳ್ಳಿ. ಪ್ರಶ್ನೆ, ಸೂಚನೆ ಎಲ್ಲ ಹಾಗೇ ಇರಲಿ. ಬರಲಾಗದವರ ಹೆಸರು ಹೇಳಿ ಒಂದು ಸಾಲಿನಲ್ಲಿ ಕಾರಣ ತಿಳಿಸಿ, ಬಂದವರ ಹೆಸರಿನಿಂದ ಮುಗಿಸಿ.