ಬುಡದಿಂದ ತುದಿಗೆ: ಎಐ ಚಿತ್ರಗಳನ್ನು ನಾನು ಹಿಡಿಯಲು ಕಲಿತ ಬಗೆ

ನನ್ನನ್ನು ಮೊದಲ ಬಾರಿಗೆ ಏಮಾರಿಸಿದ್ದು ರೆಕ್ಕೆ ಮಡಿಸಿ ಕುಳಿತ ಒಂದು ಪೀಕಾಕ್ ಪ್ಯಾನ್ಸಿ ಚಿಟ್ಟೆ. ನಮ್ಮ ನಿಸರ್ಗ ಬಳಗದ ಕ್ಯಾಲೆಂಡರಿಗೆ ಚಿತ್ರಗಳನ್ನು ಆರಿಸುವ ಕೆಲಸ ನನ್ನದಾಗಿತ್ತು. ಬೆಳಕು ಚೆನ್ನಾಗಿತ್ತು, ಹಿನ್ನೆಲೆ ಹಿತವಾಗಿತ್ತು, ಕಿತ್ತಳೆ ರೆಕ್ಕೆಯ ಮೇಲಿನ ದೊಡ್ಡ ಕಣ್ಣುಚುಕ್ಕೆ ಕಣ್ಣಿಗೆ ಕಟ್ಟುವಂತಿತ್ತು, ನಾನು ಒಪ್ಪಿಬಿಟ್ಟೆ. ಸುಮಾರು ಐನೂರು ಪ್ರತಿಗಳು ಅಚ್ಚಾದ ಮೇಲೆ ಚಿಟ್ಟೆಗಳನ್ನೇ ನೋಡಿಕೊಂಡಿರುವ ಹಿರಿಯರೊಬ್ಬರು ಒಂದೇ ಮಾತು ಕೇಳಿದರು: "ರೆಕ್ಕೆ ಮಡಿಸಿದ ಚಿಟ್ಟೆಯಲ್ಲಿ ಮೇಲ್ಮೈಯ ಬಣ್ಣ ಹೇಗೆ ಕಾಣುತ್ತದೆ ಸ್ವಾಮಿ?" ರೆಕ್ಕೆಗಳನ್ನು ಬೆನ್ನಿನ ಮೇಲೆ ಜೋಡಿಸಿದಾಗ ನಮಗೆ ಕಾಣುವುದು ಕೆಳಮೈ. ಪೀಕಾಕ್ ಪ್ಯಾನ್ಸಿಯ ಕೆಳಮೈ ಮಾಸಲು ಕಂದು, ಒಣಹವೆಯ ಕಾಲದ ರೂಪದಲ್ಲಂತೂ ಬಾಡಿದ ಎಲೆಯಂತೆಯೇ ಇರುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಆ ಹೊತ್ತಿನಲ್ಲಿ ನಾನು ನೋಡಿದ್ದು ಚಿತ್ರವನ್ನೇ ಹೊರತು ಚಿಟ್ಟೆಯನ್ನಲ್ಲ. ಆ ತಿಂಗಳ ಹಾಳೆಯನ್ನು ಮತ್ತೆ ಅಚ್ಚು ಹಾಕಿಸಿ ಅಂಟಿಸಿದ ಖರ್ಚನ್ನು ನಾನೇ ಭರಿಸಿದೆ. ಲೆನ್ಸಿಗಾಗಿ ಕೂಡಿಟ್ಟಿದ್ದ ಹಣ ಅದಕ್ಕೇ ಹೋಯಿತು.

ಬುದ್ಧಿ ಬಂದಿತೆಂದುಕೊಂಡು ಮಾಡಿದ ಎರಡನೆಯ ಖರ್ಚು ಇನ್ನೂ ದಂಡ. ಎಐ ಚಿತ್ರಗಳನ್ನು ಪತ್ತೆಹಚ್ಚುತ್ತದೆ ಎನ್ನುವ ಒಂದು ತಂತ್ರಾಂಶಕ್ಕೆ ಆರು ತಿಂಗಳ ಚಂದಾ ಕಟ್ಟಿದೆ. ಹಲವು ಫ್ರೇಮುಗಳನ್ನು ಜೋಡಿಸಿ ಮಾಡಿದ ನನ್ನದೇ ಮ್ಯಾಕ್ರೋ ಚಿತ್ರಗಳನ್ನು ಅದು ನಕಲಿ ಎಂದಿತು. ನಿಜವಾದ ನಕಲಿಯನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು, ಕುಗ್ಗಿಸಿ ಕಳುಹಿಸಿದರೆ ಸುಮ್ಮನೆ ಒಳಗೆ ಬಿಟ್ಟಿತು. ಮೂರನೆಯ ತಿಂಗಳಿನಿಂದ ಅದನ್ನು ತೆರೆಯುವುದನ್ನೇ ನಿಲ್ಲಿಸಿದೆ.

ಆಮೇಲೆ ಎಲ್ಲರಂತೆ ನಾನೂ ಕಾಲು ಎಣಿಸಲು ಹೊರಟೆ. ಕೀಟಕ್ಕೆ ಆರು, ಜೇಡಕ್ಕೆ ಎಂಟು. ಈ ಲೆಕ್ಕ ಎಷ್ಟು ಅಪಾಯಕಾರಿ ಎಂಬುದು ಅಸಲಿ ಚಿತ್ರಗಳನ್ನು ತಿರಸ್ಕರಿಸಿ ಬೈಸಿಕೊಂಡ ಮೇಲೆ ತಿಳಿಯಿತು. ಪ್ಯಾನ್ಸಿಯೂ ಸೇರಿದಂತೆ ನಿಂಫಾಲಿಡೇ ಕುಟುಂಬದ ಚಿಟ್ಟೆಗಳಲ್ಲಿ ಮುಂದಿನ ಜೋಡಿ ಕಾಲುಗಳು ಕುಗ್ಗಿ ಎದೆಗೆ ಒತ್ತಿಕೊಂಡಿರುವುದರಿಂದ ನಾಲ್ಕೇ ಕಾಣುತ್ತವೆ. ಡ್ರ್ಯಾಗನ್‌ಫ್ಲೈ ಅನೇಕ ವೇಳೆ ಮುಂಗಾಲುಗಳನ್ನು ತಲೆಯ ಹಿಂದೆ ಮಡಚಿಟ್ಟು ನಾಲ್ಕರ ಮೇಲೆಯೇ ಕೂರುತ್ತದೆ. ಜೇಡದ ಬಾಯಿಯ ಪಕ್ಕದ ಪಾಲ್ಪುಗಳನ್ನು ಕಾಲೆಂದು ಎಣಿಸಿದರೆ ಹತ್ತಾಗುತ್ತದೆ, ಒಂದು ಕಾಲು ಕಳೆದುಕೊಂಡ ಜೇಡದಲ್ಲಿ ಏಳೇ ಸಿಗುತ್ತವೆ. ಅಲ್ಲದೆ ಈಚಿನ ಎಐ ಸಾಧನಗಳು ಎಣಿಕೆಯನ್ನು ಬಹುಮಟ್ಟಿಗೆ ಸರಿಯಾಗಿಯೇ ಕೊಡುತ್ತವೆ. ಹೀಗಾಗಿ ಎಣಿಕೆಯನ್ನು ಬಿಟ್ಟು ಬುಡವನ್ನು ನೋಡತೊಡಗಿದೆ. ಎಷ್ಟು ಕಾಲುಗಳಿವೆ ಎಂಬುದಕ್ಕಿಂತ ಪ್ರತಿಯೊಂದು ಕಾಲು ಎಲ್ಲಿಂದ ಹುಟ್ಟಿದೆ, ಎಷ್ಟು ಕೀಲುಗಳನ್ನು ದಾಟಿ ಎಲ್ಲಿ ಮುಗಿದಿದೆ ಎಂಬುದು ಮುಖ್ಯ. ರೆಕ್ಕೆ, ಗರಿ, ಎಲೆಯ ತೊಟ್ಟು ಎಲ್ಲಕ್ಕೂ ಇದೇ ಪ್ರಶ್ನೆ. ಬೆರಳನ್ನು ಪರದೆಯ ಮೇಲಿಟ್ಟು ಬುಡದಿಂದ ತುದಿಗೆ ಹೋಗುತ್ತೇನೆ, ಮಧ್ಯೆ ದಾರಿ ತಪ್ಪಿದರೆ ಅಲ್ಲೇ ಗುರುತು ಹಾಕುತ್ತೇನೆ. ಕಣ್ಣು ಮತ್ತು ಮುಖವನ್ನು ಕಡೆಗೆ ನೋಡುತ್ತೇನೆ, ಏಕೆಂದರೆ ಎಐ ಅತ್ಯಂತ ಚೆನ್ನಾಗಿ ಮಾಡುವ ಭಾಗವೇ ಅದು.

ಈ ಪದ್ಧತಿಯನ್ನು ಬಳಗದಲ್ಲಿ ಹೇಳಿದಾಗ ಇಬ್ಬರು ನಕ್ಕರು, ಒಬ್ಬರು "ಒಂದು ಚಿತ್ರಕ್ಕೆ ಹತ್ತು ನಿಮಿಷ ಕಳೆದರೆ ಸ್ಪರ್ಧೆ ಮುಗಿಯುವುದು ಯಾವಾಗ?" ಎಂದರು. ಅವರ ಬಾಯಿ ಮುಚ್ಚಿಸಿದ್ದು ಬಳಗದ ಚಿತ್ರಸ್ಪರ್ಧೆಗೆ ಬಂದಿದ್ದ, ತಾವರೆ ಮೊಗ್ಗಿನ ಮೇಲೆ ಕುಳಿತ ಕೆಂಪು ಡ್ರ್ಯಾಗನ್‌ಫ್ಲೈಯ ಒಂದು ಚಿತ್ರ. ತೀರ್ಪುಗಾರರಲ್ಲಿ ಮೂವರು ಅದಕ್ಕೆ ಮೊದಲ ಸ್ಥಾನ ಕೊಟ್ಟಾಗಿತ್ತು, ಬಹುಮಾನದ ಹಣವೂ ನಿಗದಿಯಾಗಿತ್ತು.

ನಾನು ಮೊದಲು ನೋಡಿದ್ದು ರೆಕ್ಕೆಗಳ ಬುಡ. ಡ್ರ್ಯಾಗನ್‌ಫ್ಲೈಯ ನಾಲ್ಕು ರೆಕ್ಕೆಗಳೂ ಎದೆಯ ಭಾಗದಿಂದ, ಒಂದರ ಹಿಂದೆ ಒಂದರಂತೆ ಹೊರಡಬೇಕು. ಈ ಚಿತ್ರದಲ್ಲಿ ಬಲಗಡೆಯ ಹಿಂದಿನ ರೆಕ್ಕೆ ಹೊಟ್ಟೆಯ ಎರಡನೆಯ ಖಂಡದ ಹತ್ತಿರ ಹುಟ್ಟಿತ್ತು. ಡ್ರ್ಯಾಗನ್‌ಫ್ಲೈಯ ಹಿಂದಿನ ರೆಕ್ಕೆ ಬುಡದಲ್ಲಿ ಮುಂದಿನದಕ್ಕಿಂತ ಅಗಲವಾಗಿರುತ್ತದೆ, ಇಲ್ಲಿ ನಾಲ್ಕೂ ಒಂದೇ ಅಚ್ಚಿನಲ್ಲಿ ತೆಗೆದಂತೆ ಬುಡದಲ್ಲಿ ಕಿರಿದಾಗಿದ್ದವು. ಹಾಗಿರುವುದು ಅದರ ಹತ್ತಿರದ ಬಂಧುಗಳಾದ ಡ್ಯಾಮ್ಸೆಲ್‌ಫ್ಲೈಗಳಲ್ಲಿ, ಆದರೆ ಡ್ಯಾಮ್ಸೆಲ್‌ಫ್ಲೈಯ ಕಣ್ಣುಗಳು ಒಂದರಿಂದೊಂದು ದೂರವಿರುತ್ತವೆ, ಈ ಚಿತ್ರದಲ್ಲಿ ನೆತ್ತಿಯ ಮೇಲೆ ಕೂಡಿಕೊಂಡಿದ್ದವು. ಅಲ್ಲಿಗೆ ಎರಡು ಬೇರೆ ಕೀಟಗಳ ಅಂಗಗಳು ಒಂದೇ ಮೈಯಲ್ಲಿ ಸೇರಿದ್ದವು.

ಮುಂದಿನದು ನೋಡಸ್. ರೆಕ್ಕೆಯ ಮುಂಚೂಣಿ ಅಂಚಿನ ನಡುವೆ ಕಾಣುವ ಸಣ್ಣ ಕಚ್ಚು ಅದು. ಮುಂದಿನ ರೆಕ್ಕೆಯಲ್ಲಿ ಅರ್ಧಕ್ಕೆ ಅಥವಾ ಅರ್ಧ ದಾಟಿದ ಮೇಲೆ ಇರುತ್ತದೆ, ಹಿಂದಿನ ರೆಕ್ಕೆಯಲ್ಲಿ ಬುಡಕ್ಕೆ ಸ್ವಲ್ಪ ಹತ್ತಿರ. ನನ್ನದೇ ಒಂದು ಅಸಲಿ ಚಿತ್ರವನ್ನು ತೆರೆದು ಪಿಕ್ಸೆಲ್ ಲೆಕ್ಕದಲ್ಲಿ ಅಳೆದಾಗ, ನೆನಪಿನಂತೆ, ಮುಂದಿನ ರೆಕ್ಕೆಯ 820ರಲ್ಲಿ ಸುಮಾರು 440ಕ್ಕೆ, ಹಿಂದಿನ ರೆಕ್ಕೆಯ 790ರಲ್ಲಿ ಸುಮಾರು 340ಕ್ಕೆ ಕಚ್ಚು ಸಿಕ್ಕಿತು. ಸ್ಪರ್ಧೆಯ ಚಿತ್ರದಲ್ಲಿ ಬಲ ಮುಂದಿನ ರೆಕ್ಕೆಗೆ ಎರಡು ಕಚ್ಚುಗಳಿದ್ದವು, ಎಡದ್ದಕ್ಕೆ ಒಂದೂ ಇರಲಿಲ್ಲ. ರೆಕ್ಕೆಯ ತುದಿಯ ಬಳಿ ಇರಬೇಕಾದ ಬಣ್ಣದ ಪುಟ್ಟ ಕೋಶ, ಅಂದರೆ ಟೆರೋಸ್ಟಿಗ್ಮಾ, ಮೂರು ರೆಕ್ಕೆಗಳಲ್ಲಿತ್ತು. ಚಿಟ್ಟೆಗಿರುವಂತಹ ಉದ್ದನೆಯ ಮೀಸೆಗಳು ಬೇರೆ. ಡ್ರ್ಯಾಗನ್‌ಫ್ಲೈಗೆ ಇರುವುದು ಹುಡುಕಿ ನೋಡಬೇಕಾದಷ್ಟು ಗಿಡ್ಡ ಕೂದಲಿನಂತಹ ಮೀಸೆ. ಕಾಲುಗಳ ಎಣಿಕೆ ಮಾತ್ರ ಸರಿಯಾಗಿ ಆರು! ಅವುಗಳಲ್ಲಿ ಒಂದರ ಬುಡ ಎದೆಯಲ್ಲಿರದೆ ಮೊಗ್ಗಿನ ದಳದಲ್ಲಿತ್ತು.

ಇಷ್ಟನ್ನು ತೋರಿಸಿದರೂ ಒಬ್ಬ ತೀರ್ಪುಗಾರರು ರೆಕ್ಕೆ ಮುರಿದಿರಬಹುದು, ಫೋಕಸ್ ತಪ್ಪಿರಬಹುದು ಎಂದು ವಾದಿಸಿದರು. ಆಗ ಸಸ್ಯಗಳನ್ನು ಮಾತ್ರ ನೋಡುವ ಗೆಳೆಯನೊಬ್ಬನಿಗೆ ಏನೂ ಹೇಳದೆ ಚಿತ್ರ ಕಳುಹಿಸಿದೆ. ಅವನು ಕೀಟದತ್ತ ಕಣ್ಣೆತ್ತಿಯೂ ನೋಡದೆ, "ಹೂವು ತಾವರೆಯದು, ಎಲೆ ನೈದಿಲೆಯದು" ಎಂದು ಉತ್ತರಿಸಿದ. ತಾವರೆಯ ಎಲೆಯಲ್ಲಿ ಸೀಳಿಲ್ಲ, ತೊಟ್ಟು ಎಲೆಯ ಕೆಳಗೆ ನಟ್ಟನಡುವೆ ಸೇರುತ್ತದೆ. ನೈದಿಲೆಯ ಎಲೆಯಲ್ಲಿ ಅಂಚಿನಿಂದ ತೊಟ್ಟಿನವರೆಗೆ ಸೀಳಿರುತ್ತದೆ. ಚಿತ್ರದಲ್ಲಿ ತಾವರೆ ಮೊಗ್ಗಿನ ಸುತ್ತ ತೇಲುತ್ತಿದ್ದ ಎಲೆಗಳೆಲ್ಲ ಸೀಳಿದ್ದವು. ಒಂದೇ ಕೊಳದಲ್ಲಿ ಎರಡೂ ಬೆಳೆದಿರಬಹುದಲ್ಲ ಎಂಬ ಮಾತೂ ಬಂತು, ಆದರೆ ಒಂದು ಎಲೆಯಲ್ಲಿ ಸೀಳು ತೊಟ್ಟಿನತ್ತ ಹೋಗದೆ ಪಕ್ಕಕ್ಕೆ ತಿರುಗಿ ಅಂಚಿನಲ್ಲೇ ಮುಗಿದಿತ್ತು. ಅಂತಹ ಎಲೆ ಯಾವ ಕೊಳದಲ್ಲೂ ಇಲ್ಲ. ಆ ಚಿತ್ರಕ್ಕೆ ಮೊದಲು ಮತ್ತು ನಂತರ ತೆಗೆದ ಎರಡು ಫ್ರೇಮುಗಳನ್ನು ಕಳುಹಿಸಿ ಎಂದು ಸ್ಪರ್ಧಿಯನ್ನು ಕೇಳಿದೆವು. ನಾಲ್ಕು ದಿನ ಮೌನವಾಗಿದ್ದು, ಐದನೆಯ ದಿನ ಅವರು ಒಪ್ಪಿಕೊಂಡರು. ಬಹುಮಾನದ ಹಣ ಉಳಿಯಿತು. ನಕ್ಕಿದ್ದ ಇಬ್ಬರೂ ಈಗ ತಮ್ಮ ಸಂಶಯದ ಚಿತ್ರಗಳನ್ನು ನನಗೇ ಕಳುಹಿಸುತ್ತಾರೆ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.

ಮೈಮೇಲಿನ ವಿನ್ಯಾಸಗಳಿಗೂ ಒಂದು ಬುಡವಿದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಚಿಟ್ಟೆಯ ರೆಕ್ಕೆಯ ಅಂಚಿನಲ್ಲಿ ಸಾಲಾಗಿ ಬರುವ ಕಣ್ಣುಚುಕ್ಕೆಗಳು ಎಲ್ಲೆಂದರಲ್ಲಿ ಬರುವುದಿಲ್ಲ. ಎರಡು ನಾಳಗಳ ನಡುವಿನ ಕೋಣೆಯಲ್ಲಿ, ಕೋಣೆಯ ನಡುಗೆರೆಯ ಮೇಲೆ ಅವು ರೂಪುಗೊಳ್ಳುತ್ತವೆ. ದೊಡ್ಡ ಕಣ್ಣುಚುಕ್ಕೆ ಪಕ್ಕದ ಕೋಣೆಗಳಿಗೆ ಹರಡಿಕೊಂಡಿದ್ದರೂ ಅದರ ಕೇಂದ್ರ ನಾಳದ ಮೇಲಿರುವುದಿಲ್ಲ. ಎಐ ಚಿತ್ರದಲ್ಲಿ ನಾಳಗಳು ಒಂದು ದಾರಿ ಹಿಡಿದರೆ ಚುಕ್ಕೆಗಳು ಇನ್ನೊಂದು ದಾರಿ ಹಿಡಿದಿರುತ್ತವೆ, ಕಣ್ಣಿನ ನಟ್ಟನಡುವೆಯೇ ನಾಳ ಹಾದಿರುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ರೆಕ್ಕೆ ಬಿಚ್ಚಿ ಕುಳಿತ ಚಿಟ್ಟೆಯನ್ನು ನೇರ ಮೇಲಿನಿಂದ ತೆಗೆದಿದ್ದರೆ ಇನ್ನೊಂದು ಪರೀಕ್ಷೆ ಸಾಧ್ಯ. ಚಿತ್ರವನ್ನು ಮೈಯ ನಡುಗೆರೆಯಲ್ಲಿ ಕತ್ತರಿಸಿ, ಒಂದು ಭಾಗವನ್ನು ತಿರುಗಿಸಿ, ಅರೆಪಾರದರ್ಶಕ ಮಾಡಿ ಇನ್ನೊಂದರ ಮೇಲೆ ಇಡಬೇಕು. ಅಸಲಿಯಲ್ಲಿ ಚುಕ್ಕೆಯ ಮೇಲೆ ಚುಕ್ಕೆ ಕೂರುತ್ತದೆ. ನಕಲಿಯಲ್ಲಿ ದೂರದಿಂದ ಸಮವೆನ್ನಿಸಿದ್ದೂ ಹತ್ತಿರದಲ್ಲಿ ಎಡಕ್ಕೆ ಐದು, ಬಲಕ್ಕೆ ಆರು ಎಂದಾಗುತ್ತದೆ. ಈ ಪರೀಕ್ಷೆಯ ಗುಂಗಿನಲ್ಲಿ ಎಡಗಡೆ ಗಂಡಿನ ಬಣ್ಣ, ಬಲಗಡೆ ಹೆಣ್ಣಿನ ಬಣ್ಣವಿದ್ದ ಒಂದು ಅಸಲಿ ಚಿಟ್ಟೆಯನ್ನೇ ನಾನು ತಿರಸ್ಕರಿಸಿದೆ. ಅಂತಹ ಅರ್ಧಗಂಡು ಅರ್ಧಹೆಣ್ಣು ಚಿಟ್ಟೆಗಳು ಅಪರೂಪಕ್ಕೆ ಹುಟ್ಟುತ್ತವೆ. ತೆಗೆದವರಿಗೆ ಜೀವಮಾನದ ಚಿತ್ರ, ನನಗೆ ಜೀವಮಾನದ ನಾಚಿಕೆ. ಅಲ್ಲಿ ಎರಡೂ ಬದಿಯ ನಾಳಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿಯೇ ಇದ್ದವು, ನಾನು ನೋಡಲಿಲ್ಲ ಅಷ್ಟೆ.

ಇದೇ ಪರೀಕ್ಷೆಯನ್ನು ಹುಲಿಯ ಮೇಲೆ ಪ್ರಯೋಗಿಸಿದಾಗ ಲೆಕ್ಕ ತಲೆಕೆಳಗಾಯಿತು. ಹುಲಿಯ ಎರಡು ಪಕ್ಕೆಗಳ ಪಟ್ಟೆಗಳು ಒಂದಕ್ಕೊಂದು ಹೊಂದುವುದಿಲ್ಲ. ಕ್ಯಾಮೆರಾ ಟ್ರ್ಯಾಪ್ ಚಿತ್ರಗಳಿಂದ ಹುಲಿಗಳನ್ನು ಗುರುತಿಸುವವರು ಎಡಪಕ್ಕೆಯನ್ನು ಎಡಪಕ್ಕೆಯೊಂದಿಗೇ ಹೋಲಿಸುವುದು ಅದಕ್ಕಾಗಿಯೇ. ಹಣೆಯ ಪಟ್ಟೆಗಳೂ ಸ್ಥೂಲವಾಗಿ ಮಾತ್ರ ಸಮ. ಆದ್ದರಿಂದ ಹುಲಿಯ ಮುಖ ಕನ್ನಡಿಯಲ್ಲಿ ಮಡಿಸಿದಂತೆ ಕೂಡಿಕೊಂಡರೆ ಅನುಮಾನಿಸಬೇಕು, ಚಿಟ್ಟೆ ಹಾಗೆ ಕೂಡಿಕೊಳ್ಳದಿದ್ದರೆ ಅನುಮಾನಿಸಬೇಕು.

ನಂಬದವರಿಗಾಗಿ ಸುಮಾರು ಇನ್ನೂರು ಚಿತ್ರಗಳನ್ನು ಕಲೆಹಾಕಿದೆ, ಅರ್ಧ ಅಸಲಿ, ಅರ್ಧ ನಾನೇ ಎಐಯಿಂದ ಮಾಡಿಸಿದವು. ಹೆಸರುಗಳನ್ನು ಅಳಿಸಿ, ಕಲೆಸಿ, ಎರಡು ತಿಂಗಳು ಬಿಟ್ಟು ನೋಡಿದೆ. ಕಾಲೆಣಿಕೆಯೊಂದರಿಂದಲೇ ನೋಡಿದಾಗ ನಲವತ್ತರಷ್ಟು ನಕಲಿಗಳು ತಪ್ಪಿಸಿಕೊಂಡಿದ್ದವು, ಹದಿನೈದೋ ಹದಿನೆಂಟೋ ಅಸಲಿಗಳು ಸುಮ್ಮನೆ ಬಲಿಯಾಗಿದ್ದವು. ಬುಡದಿಂದ ತುದಿಗೆ ಹೋದಾಗ ತಪ್ಪಿಸಿಕೊಂಡವು ಹತ್ತರ ಒಳಗೆ, ಬಲಿಯಾದ ಅಸಲಿಗಳು ಎರಡೋ ಮೂರೋ. ಮಾಡಿಸಿದವನೂ ನೋಡಿದವನೂ ನಾನೇ ಆದ್ದರಿಂದ ಈ ಅಂಕಿಗಳನ್ನು ಯಾರೂ ತಲೆಯ ಮೇಲೆ ಹೊರಬೇಕಾಗಿಲ್ಲ. ಆ ಪ್ರಯತ್ನದ ನಡುವೆ ರೆಕ್ಕೆ ಮಡಿಸಿದ ಪೀಕಾಕ್ ಪ್ಯಾನ್ಸಿಯನ್ನು ಇಪ್ಪತ್ತು ಸಲ ಮಾಡಿಸಿದೆ. ಹದಿನಾರು ಸಲವಾದರೂ ಮೇಲ್ಮೈಯ ಕಿತ್ತಳೆಯೇ ಬಂದಿರಬೇಕು, ಹಳೆಯ ಖರ್ಚು ನೆನಪಾಗಿ ಹೊಟ್ಟೆ ಉರಿಯಿತು.

ಡ್ರ್ಯಾಗನ್‌ಫ್ಲೈಯ ರೆಕ್ಕೆಯಲ್ಲಿ ನಾನು ನೋಡುವ ಇನ್ನೊಂದು ಗುರುತಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸ್ಪರ್ಧೆಗೆ ಅದನ್ನು ತಿದ್ದಿಕೊಂಡೇ ಕಳುಹಿಸುತ್ತಾರೆ. ಹಾರುವ ಹಕ್ಕಿ, ಮಂಜಿನಲ್ಲಿ ದೂರ ನಿಂತ ಜಿಂಕೆ, ಹುಲ್ಲಿನಲ್ಲಿ ಕಾಲು ಮುಚ್ಚಿಹೋದ ಪ್ರಾಣಿ ಇಂಥವುಗಳ ಮುಂದೆ ನನ್ನ ಪದ್ಧತಿ ಕೈಚೆಲ್ಲುತ್ತದೆ, ಏಕೆಂದರೆ ಅಲ್ಲಿ ನೋಡಲು ಬುಡವೇ ಇರುವುದಿಲ್ಲ. ಗರಿ ಉದುರಿಸುವ ಕಾಲದ ಹಕ್ಕಿಯ ರೆಕ್ಕೆಗಳು ನಿಜವಾಗಿಯೂ ಎಡಬಲಕ್ಕೆ ಹೊಂದದೆ ಇರಬಹುದು. ಅಂತಹ ಚಿತ್ರಗಳಲ್ಲಿ ನಾನು ವಾದಕ್ಕೆ ಇಳಿಯುವುದಿಲ್ಲ, ಹಿಂದಿನ ಮುಂದಿನ ಫ್ರೇಮುಗಳನ್ನು ಕೇಳುತ್ತೇನೆ. ಹಕ್ಕಿಯ ಹಿಂದೆ ಕ್ಯಾಮೆರಾ ಹಿಡಿದು ಓಡಾಡಿದವರ ಬಳಿ ರೆಕ್ಕೆ ಅರ್ಧ ಕತ್ತರಿಸಿಹೋದ, ತಲೆ ಮಸುಕಾದ ಹತ್ತಾರು ಚಿತ್ರಗಳು ಇದ್ದೇ ಇರುತ್ತವೆ.